ಮೊದಲ ಹೂವು, ಕೊನೆಯ ಕ್ರಿಯಾಪದ

ಶನಿವಾರದ ಬೆಳಗಿನ ಪ್ಯಾಸೆಂಜರ್ ರೈಲು ರಾಣೇಬೆನ್ನೂರು ಬಿಟ್ಟು ಮೋಟೆಬೆನ್ನೂರಿನ ಹತ್ತಿರ ನಿಂತಾಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳು ಹತ್ತುತ್ತಿದ್ದರು. ಅವರ ಹಿಂದೆಯೇ ಘಾಟೂ ಹತ್ತುತ್ತಿತ್ತು. ಇಡೀ ಡಬ್ಬಿ ಸೀನುತ್ತಿರುವಾಗ ಕಿಟಕಿಯ ಬದಿಗೆ ಕುಳಿತ ಸುರೇಖಾ ಮಾತ್ರ ಮೂಗಿಗೆ ಸೆರಗು ಹಿಡಿದು ಜರ್ಮನ್ ಪುಸ್ತಕ ಓದುತ್ತಿದ್ದಳು. ಹಾವೇರಿ ಬರುವಷ್ಟರಲ್ಲಿ ಹತ್ತು ಕ್ರಿಯಾಪದ, ಹುಬ್ಬಳ್ಳಿ ಬರುವಷ್ಟರಲ್ಲಿ ಮೂವತ್ತು. ಧಾರವಾಡದಲ್ಲಿ ಇಳಿಯುವಾಗ ಅವುಗಳಲ್ಲಿ ಅರ್ಧ ಉದುರಿರುತ್ತಿದ್ದವು.

ಅವಳು ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಹೊಲದ ಮೇಲ್ವಿಚಾರಕಿ. ವಯಸ್ಸು ಇಪ್ಪತ್ತೊಂಬತ್ತು. ಊರು ಕುಪ್ಪೇಲೂರು. ಅಲ್ಲಿ ಅವಳ ತಾಯಿ ಚೌಡವ್ವ ತಮ್ಮದೇ ಎರಡು ಎಕರೆಯಲ್ಲಿ ಕಂಪನಿಗಾಗಿ ಟೊಮೆಟೊ ಬೀಜ ಬೆಳೆಯುತ್ತಿದ್ದಳು. ಟೊಮೆಟೊ ಅಲ್ಲಿ ಕಾಯಿಗಾಗಿ ಬೆಳೆಯುವ ಬೆಳೆಯಲ್ಲ. ಸಂಜೆ ಹೆಂಗಸರು ಸಾಲು ಹಿಡಿದು ಕುಳಿತು, ಮರುದಿನ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಅದರ ಗಂಡು ಭಾಗವನ್ನು ಕಿತ್ತು ಹಾಕುತ್ತಾರೆ. ಬೆಳಿಗ್ಗೆ ಬೇರೆ ತಳಿಯ ಪರಾಗ ತಂದು ಆ ಹೂವಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿದ್ದಕ್ಕೆ ಗುರುತಾಗಿ ತೊಟ್ಟಿನ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸುತ್ತಾರೆ. ಇದಕ್ಕೆ ಆ ಕಡೆಯವರೆಲ್ಲ 'ಕ್ರಾಸಿಂಗ್' ಎನ್ನುತ್ತಾರೆ. ಓದು ಬಾರದ ಅಜ್ಜಿಯರೂ 'ಇವತ್ತ ಕ್ರಾಸಿಂಗ್ ಐತಿ, ಮದುವಿಗೆ ಬರಾಕ ಆಗಂಗಿಲ್ಲ' ಎಂದು ಹೇಳಿ ಕಳಿಸುತ್ತಾರೆ.

ಬೀಜ ಕೊಳ್ಳುತ್ತಿದ್ದವರು ಜರ್ಮನಿಯ ಒಂದು ಸಣ್ಣ ಸಂಸ್ಥೆಯವರು. ಅಲ್ಲಿಂದ ಪತ್ರ ಬರೆಯುತ್ತಿದ್ದವನು ಕ್ರೌಸೆ ಎಂಬ ಹಳೆಯ ತಳಿತಜ್ಞ. ಅವನು ದೇಶ ಎರಡಾಗಿದ್ದಾಗ ಪೂರ್ವದ ಕಡೆ ಬೆಳೆದವನು. ಶಾಲೆಯಲ್ಲಿ ಅವನಿಗೆ ಕಲಿಸಿದ್ದು ರಷ್ಯನ್. ಇಂಗ್ಲಿಷ್ ಕಲಿಯುವ ಕಾಲ ಬಂದಾಗ ಅವನಿಗೆ ಕಲಿಯುವ ಮನಸ್ಸಿರಲಿಲ್ಲ. ಅವನ ಪತ್ರಗಳನ್ನು ಕಂಪನಿಯವರು ಬೆಂಗಳೂರಿಗೆ ಕಳಿಸಿ ಇಂಗ್ಲಿಷ್ ಮಾಡಿಸಿ ತರಿಸುತ್ತಿದ್ದರು. ಬಂದದ್ದನ್ನು ಓದಿದರೆ ಬೀಜ ಒಣಗಿಸಬೇಕೋ ನೆನೆಸಬೇಕೋ ತಿಳಿಯುತ್ತಿರಲಿಲ್ಲ.

2004ರಲ್ಲಿ ಒಂದು ದಿನ ಮ್ಯಾನೇಜರ್ ವೀರೇಂದ್ರ ಎಲ್ಲರನ್ನೂ ಕೂಡಿಸಿ, 'ಧಾರವಾಡದಾಗ ಶನಿವಾರ, ಭಾನುವಾರ ಜರ್ಮನ್ ಕ್ಲಾಸ್ ಐತಂತ. ಯಾರರ ಹೋಗ್ತೀರೇನ್ರಿ?' ಎಂದು ಕೇಳಿದ. ಗಂಡಸರು ಮೇಜು ನೋಡಿದರು. ಸುರೇಖಾ ಕೈ ಎತ್ತಿದಳು.

'ನಿನಗ ಇಂಗ್ಲಿಷೇ ನೆಟ್ಟಗ ಬರಂಗಿಲ್ಲಲ್ಲವಾ' ಎಂದ ವೀರೇಂದ್ರ.

'ಅದಕ್ಕ ಬೇರೆ ಒಂದು ನೋಡೋಣಂತ, ಸರ್' ಎಂದಳು ಸುರೇಖಾ.

ಜೀಪಿನ ಡ್ರೈವರ್ ಮೌಲಾಸಾಬ ಬಾಗಿಲಲ್ಲಿ ನಿಂತಿದ್ದವನು ಜೋರಾಗಿ ನಕ್ಕ. ಹಾಗಾಗಿ ಅವಳು ಹೋಗುವುದು ಗಟ್ಟಿಯಾಯಿತು.

ಧಾರವಾಡದಲ್ಲಿ ಕಲಿಸುತ್ತಿದ್ದವರು ಕಟ್ಟಿ ಮೇಡಂ. ಅರವತ್ತು ದಾಟಿದ, ಕೈಯಲ್ಲಿ ಸದಾ ಸುಣ್ಣದ ಕಡ್ಡಿ ಹಿಡಿದ, ಧೋತರದ ಅಂಚಿನಂಥ ಸಣ್ಣ ಅಂಚಿನ ಸೀರೆಯುಟ್ಟ ಹೆಂಗಸು. ತರಗತಿಯಲ್ಲಿದ್ದ ಉಳಿದ ಹದಿನೈದು ಜನ ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗ ಹುಡುಗಿಯರು. ಅವರಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಮೊದಲ ಐದು ತಿಂಗಳು ಸುರೇಖಾ ಹಿಂದಿನ ಬೆಂಚಿನಲ್ಲಿ ತನ್ನ ಚೀಲದಷ್ಟೇ ಸದ್ದು ಮಾಡುತ್ತ ಕುಳಿತಳು.

ಆರನೆಯ ತಿಂಗಳಲ್ಲಿ 'ವೈಲ್' ಬಂತು. ಜರ್ಮನ್‌ನಲ್ಲಿ 'ಯಾಕೆಂದರೆ' ಎಂಬುದಕ್ಕೆ ವೈಲ್ ಎನ್ನುತ್ತಾರೆ. ಈ ವೈಲ್ ಬಂದರೆ ಆ ಉಪವಾಕ್ಯದ ಕ್ರಿಯಾಪದ ಬಾಲಕ್ಕೆ ಹೋಗಿ ಕೂಡಬೇಕು. 'ನಾನು ರಾಣೇಬೆನ್ನೂರಿಗೆ ಹೋಗಬೇಕು, ಅದಕ್ಕೆ' ಎಂದು ಹೇಳಲು ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿದರು. ಇಂಗ್ಲಿಷಿನ ಹಾದಿಯಲ್ಲಿ ನಡೆದು ಬಂದ ಎಂಜಿನಿಯರುಗಳು 'ಯಾಕೆಂದರೆ ನಾನು ಬೇಕು ಹೋಗ ರಾಣೇಬೆನ್ನೂರಿಗೆ' ಎಂಬ ಧಾಟಿಯಲ್ಲಿ ಒಬ್ಬರ ಹಿಂದೆ ಒಬ್ಬರು ಮುಗ್ಗರಿಸಿದರು. ಕೊನೆಗೆ ಮೇಡಂ ಹಿಂದಿನ ಬೆಂಚಿಗೆ ಬಂದರು.

'ವೈಲ್ ಇಶ್ ನಾಖ್ ರಾಣೇಬೆನ್ನೂರ್ ಫಾರನ್ ಮುಸ್' ಎಂದಳು ಸುರೇಖಾ.

ಫಾರನ್ ಎಂದರೆ ಹೋಗುವುದು, ಮುಸ್ ಎಂದರೆ ಬೇಕು. ಹೋಗ, ಬೇಕು. ಅವಳು ಏನೂ ಮಾಡಿರಲಿಲ್ಲ. ಕುಪ್ಪೇಲೂರಿನಲ್ಲಿ ಮಾತಾಡುವಂತೆ ಮಾತಾಡಿದ್ದಳು, ಅಷ್ಟೇ.

ಮೇಡಂ ಸುಣ್ಣದ ಕಡ್ಡಿಯನ್ನು ಕೆಳಗಿಟ್ಟರು. 'ನೋಡ್ರೋ ಶಾಣ್ಯಾಗೋಳ್ರಾ! ಈಕಿ ತಲ್ಯಾಗ ಕನ್ನಡ ಅದ. ಇಲ್ಲಿ ಕೆಲಸಕ್ಕ ಬಂತು. ನಿಮ್ಮ ತಲ್ಯಾಗೂ ಇತ್ತು, ಎಲ್ಲಿ ಬಿಟ್ಟು ಬಂದ್ರಿ?'

ಆ ಸಂಜೆ ರೈಲಿನಲ್ಲಿ ಸುರೇಖಾ ಯಾರಿಗೂ ಕಾಣದಂತೆ ನಕ್ಕಳು. ಜಗತ್ತಿನ ಕಠಿಣ ಭಾಷೆಯೊಂದು ತನ್ನ ಅವ್ವನ ಮಾತಿನಂತೆಯೇ ಇದೆ ಎಂಬುದು ಗೊತ್ತಾದರೆ ಯಾರಿಗಾದರೂ ಸ್ವಲ್ಪ ಸೊಕ್ಕು ಬರುತ್ತದೆ. ಅವಳ ಸೊಕ್ಕು ಒಂದು ವಾರ ಬಾಳಿತು.

ಮುಂದಿನ ಶನಿವಾರ ಮೇಡಂ, 'ಇವತ್ತ ಊರಿಗೆ ಹೋಗ್ತೀಯೇನು?' ಎಂದು ಜರ್ಮನ್‌ನಲ್ಲಿ ಕೇಳಿದರು. ಸುರೇಖಾ ಧೈರ್ಯವಾಗಿ, 'ಇಶ್ ಹೊಯ್ಟೆ ನಾಖ್ ರಾಣೇಬೆನ್ನೂರ್ ಫಾರೆ' ಎಂದಳು. ನಾನು ಇವತ್ತು ರಾಣೇಬೆನ್ನೂರಿಗೆ ಹೋಗುತ್ತೇನೆ. ತರಗತಿ ಗೊಳ್ಳೆಂದು ನಕ್ಕಿತು. ಈ ಸಲ ಎಂಜಿನಿಯರುಗಳ ಸರದಿ.

'ಇದು ಮುಖ್ಯ ವಾಕ್ಯ ಅಲ್ಲೇನ ಸುರೇಖಾ' ಎಂದರು ಮೇಡಂ. 'ಇಲ್ಲಿ ಎರಡನೇ ಕುರ್ಚಿ ಕ್ರಿಯಾಪದದ್ದು. ಮೊದಲನೇ ಕುರ್ಚಿ ಮ್ಯಾಲೆ ಯಾರರ ಕೂಡಲಿ, ನೀನ ಕೂಡು, ಇವತ್ತು ಅನ್ನೋದರ ಕೂಡಲಿ. ಎರಡನೇದ್ದು ಮಾತ್ರ ಅದರದ್ದು. ಇಶ್ ಫಾರೆ ಹೊಯ್ಟೆ. ನಾನು ಹೋಗ್ತೀನಿ, ಆಮ್ಯಾಲೆ ಯಾವಾಗ, ಎಲ್ಲಿಗೆ.'

'ಹಂಗಾರ ಮೊದಲ ಏನು ಮಾಡ್ತೀವಂತ ಹೇಳಿಬಿಡಬೇಕೇನ್ರಿ?'

'ಹೇಳಿಬಿಡಬೇಕು. ಜರ್ಮನ್ ಮಂದಿ ನೆಪ ಹೇಳಲಿಕ್ಕೆ ಮಾತ್ರ ಪುರಸತ್ತು ಕೊಡ್ತಾರ.'

ಹೀಗೆ ಕಠಿಣವಾದದ್ದು ಅವಳಿಗೆ ಸುಲಭವಾಗಿತ್ತು, ಎಲ್ಲರಿಗೂ ಸುಲಭವಾದದ್ದು ಅವಳಿಗೆ ಜೀವ ಹಿಂಡುತ್ತಿತ್ತು. ಅಲ್ಲದೆ ಸುಲಭವಾದದ್ದರಲ್ಲೂ ಒಂದು ಕೊಕ್ಕೆ ಇತ್ತು. ಕನ್ನಡದಲ್ಲಿ 'ಅವನು ಬಂದಿದ್ದಾನೆ ಅಂತ', 'ಮಳೆ ಬಂದದ್ದರಿಂದ' ಎಂದು ಆ 'ಅಂತ', 'ರಿಂದ'ಗಳು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡು ಬರುತ್ತವೆ. ಜರ್ಮನ್‌ನಲ್ಲಿ ಅದೇ ಕೆಲಸದ 'ದಸ್', 'ವೈಲ್'ಗಳು ಮುಂದೆ ನಿಂತು ಬಾಗಿಲು ತೆರೆಯಬೇಕು. ಸುರೇಖಾ ಎಷ್ಟೋ ಸಲ ಬಾಗಿಲಿಲ್ಲದೆ ಒಳಗೆ ಹೋಗಿ, ಇಡೀ ವಾಕ್ಯ ಮುಗಿಸಿ, ಕೊನೆಗೆ ನೆನಪಾಗಿ 'ದಸ್' ಎನ್ನುತ್ತಿದ್ದಳು. ನೆಪವನ್ನು ಮೊದಲು ಹೇಳಿದರಂತೂ ಇನ್ನೂ ಪೇಚು. ನೆಪದ ಕ್ರಿಯಾಪದ ಬಾಲದಲ್ಲಿ ಮುಗಿಯುತ್ತಿದ್ದಂತೆ ಅಲ್ಪವಿರಾಮದ ಆಚೆ ಮುಖ್ಯ ಕ್ರಿಯಾಪದ ಹಾಜರಿರಬೇಕು. ಎರಡೂ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿದ್ದವು, ರಾಣೇಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರೂ ಹತ್ತುವವರೂ ಬಾಗಿಲಲ್ಲಿ ಹೊಡೆದುಕೊಳ್ಳುವಂತೆ.

ಆದರೆ ಓದುವುದರಲ್ಲಿ ಅವಳನ್ನು ಯಾರೂ ಮೀರಿಸಲಿಲ್ಲ. ಕ್ರೌಸೆಯದು ಕಚೇರಿಯ ಹಳೆ ಬರವಣಿಗೆ. ನಾಮಪದದ ಮುಂದೆ ಇಡೀ ಕತೆಯನ್ನೇ ಪೇರಿಸುವ ಚಾಳಿ ಅವನಿಗೆ. ಒಂದು ಪತ್ರದಲ್ಲಿ ಅವನು ಬರೆದ ಪದಗಳನ್ನು ಬೆಂಗಳೂರಿನ ಅನುವಾದಕ ಮೂರು ತುಂಡು ಮಾಡಿ ಮೂರನ್ನೂ ತಪ್ಪಿದ್ದ. ಸುರೇಖಾ ಕನ್ನಡ ಪದಗಳನ್ನು ಒಂದೊಂದಾಗಿ ಅದರ ಕೆಳಗೆ ಬರೆಯುತ್ತ ಹೋದಳು: ಹೆಂಗಸರು ಬೇಕಂತಲೇ ಪರಾಗ ಮುಟ್ಟಿಸದ ಹೂಗಳು. ಒಂದೂ ಪದವನ್ನು ಆಚೀಚೆ ಸರಿಸಬೇಕಾಗಲಿಲ್ಲ.

ಅರ್ಥ ಗೊತ್ತಾದ ಮೇಲೆ ಅವಳ ಕೈ ನಿಂತಿತು.

ಪತ್ರದ ತಾತ್ಪರ್ಯ ಹೀಗಿತ್ತು: ಗುರುತಿಲ್ಲದ ಕಾಯಿ ಅಲ್ಲೊಂದು ಇಲ್ಲೊಂದು ಸಿಕ್ಕರೆ ಅದು ಮರೆವು, ಒಂದು ಎಚ್ಚರಿಕೆ ಕೊಟ್ಟು ಬಿಡಬಹುದು. ಹೆಂಗಸರು ಬೇಕಂತಲೇ ಪರಾಗ ಮುಟ್ಟಿಸದ ಹೂಗಳು ಯಾವ ಹೊಲದಲ್ಲಿ ಇರುತ್ತವೋ ಆ ಊರನ್ನೇ ಪಟ್ಟಿಯಿಂದ ತೆಗೆಯಲಾಗುವುದು. ಜನವರಿಯಲ್ಲಿ ನಾನೇ ಬಂದು ನೋಡುತ್ತೇನೆ.

ಚೌಡವ್ವನ ಹೊಲದಲ್ಲಿ ಪ್ರತಿ ಸಾಲಿನ ಮೊದಲ ಗಿಡದ ಮೊದಲ ಹೂವಿಗೆ ಯಾರೂ ಚಿಮಟ ಹಾಕುತ್ತಿರಲಿಲ್ಲ. ಅದು ಊರ ದೇವಿ ಚೌಡಮ್ಮನ ಪಾಲು. ಮೊದಲ ವರ್ಷ, ಹೂವನ್ನು ಹೀಗೆ ಬಿಡಿಸಿ ಕೆಡಿಸುವುದು ಪಾಪವೇನೋ ಎಂಬ ಅಳುಕಿನಲ್ಲಿ ಚೌಡವ್ವ ದೇವಿಗೆ ಸಾಲಿಗೊಂದು ಹೂವನ್ನು ಬಿಟ್ಟಿದ್ದಳು. ಬೀಜ ಚೆನ್ನಾಗಿ ಬಂತು. ಮರುವರ್ಷದಿಂದ ಅವಳ ಹೊಲದಲ್ಲಿ ಕೆಲಸ ಮಾಡುವ ಹೆಂಗಸರೂ ತಮ್ಮ ತಮ್ಮ ಹೊಲಗಳಲ್ಲಿ ಬಿಟ್ಟರು. ಆ ಕಾಯಿ ತಾನಾಗಿ ಕಟ್ಟಿ, ತಾನಾಗಿ ಹಣ್ಣಾಗಿ, ಹಾದಿಯಲ್ಲಿ ಹೋಗುವವರ ಬಾಯಿ ಸೇರುತ್ತಿತ್ತು. ಬೀಜದ ಬುಟ್ಟಿಗೆ ಬೀಳುತ್ತಿರಲಿಲ್ಲ.

ಸುರೇಖಾ ಆ ವಾರವೇ ಊರಿಗೆ ಹೋಗಿ ತಾಯಿಯನ್ನು ಕೂಡಿಸಿಕೊಂಡು ಹೇಳಿದಳು. 'ಯವ್ವಾ, ಈ ವರ್ಷ ಒಂದು ಬಿಡಬ್ಯಾಡ. ಇಲ್ಲಾಂದ್ರ ಅದಕ್ಕೊಂದು ದಾರರ ಕಟ್ಟು, ಬ್ಯಾರೆ ಐತಂತ ಗೊತ್ತಾಗ್ತೈತಿ.'

'ದೇವಿಗೆ ಗುರ್ತು ಯಾಕ ಬೇ? ಆಕಿಗೆ ಗೊತ್ತಿಲ್ಲೇನು ತನ್ನದು ಯಾವುದಂತ?'

'ದೇವಿಗೆ ಗೊತ್ತೈತಿ. ಬರಾಂವ ಜರ್ಮನಿಯಾಂವ.'

'ಅಂವಗ ನೀ ಹೇಳು. ಅದಕ್ಕ ಅಲ್ಲೇನು ವಾರಕ್ಕ ಎರಡು ದಿನ ಮನಿ ಬಿಟ್ಟು ಹೋಗಿ ಕಲ್ತು ಬರಾಕತ್ತೀದಿ?' ಚೌಡವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. 'ಮದುವಿ ಮಾಡ್ಕೋ ಅಂದ್ರ ಜರ್ಮನ್ ಕಲೀತೀನಿ ಅಂದಿ. ಈಗ ಜರ್ಮನ್ನ ಬರಾಕತ್ತಾನ, ಮಾತಾಡು.'

ಮೊದಲ ಹೂವುಗಳು ಉಳಿದವು.

2007ರ ಜನವರಿಯ ಎರಡನೆಯ ವಾರ ಕ್ರೌಸೆ ಬಂದ. ಅರವತ್ತೈದರ, ಎತ್ತರದ, ಬಿಸಿಲಿಗೆ ಕೆಂಪಾದ ಮನುಷ್ಯ. ತಲೆಗೆ ಹುಲ್ಲಿನ ಟೊಪ್ಪಿಗೆ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಜೀಪಿನಲ್ಲಿ ಕುಪ್ಪೇಲೂರಿಗೆ ಹೋಗುವಾಗ ಮುಂದೆ ಅವನು ಮತ್ತು ಮೌಲಾಸಾಬ, ಹಿಂದೆ ವೀರೇಂದ್ರ ಮತ್ತು ಸುರೇಖಾ. ವೀರೇಂದ್ರ ಹೊಸ ಶರಟು ತೊಟ್ಟಿದ್ದ. ಕ್ರೌಸೆ ಬಾಯಿ ತೆರೆದ ಕೂಡಲೇ 'ಹೌದು, ಹೌದು' ಎಂಬರ್ಥದ 'ಯಾ, ಯಾ' ಎನ್ನುವುದನ್ನು ಅವನು ಮೂರು ದಿನ ಅಭ್ಯಾಸ ಮಾಡಿದ್ದ.

ಹೊಲದ ಬದುವಿನ ಮೇಲೆ ಚೌಡವ್ವ ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಹಿಂದೆ ಹನ್ನೆರಡು ಹೆಂಗಸರು. ಕ್ರೌಸೆ ಅವರಿಗೆ ಕೈ ಮುಗಿದು ನೇರ ಸಾಲಿಗೆ ಇಳಿದ. ಮೊದಲ ಗಿಡದ ಮುಂದೆ ಮೊಣಕಾಲೂರಿದ. ಮೊದಲ ಕಾಯಿಯನ್ನು ತಿರುಗಿಸಿದ. ತೊಟ್ಟಿನ ಐದೂ ಎಸಳು ಪೂರ್ತಿಯಾಗಿದ್ದವು. ಅವನು ಏನೂ ಹೇಳದೆ ಎರಡನೆಯ ಸಾಲಿಗೆ ಹೋದ. ಅಲ್ಲೂ ಅದೇ. ಮೂರನೆಯದರಲ್ಲೂ ಅದೇ.

ಅವನು ಎದ್ದು ನಿಂತು, ಮೊಣಕಾಲಿನ ಮಣ್ಣು ಕೊಡವಿ, ಮಾತಾಡತೊಡಗಿದ. 'ಇಶ್ ಮುಸ್' ಎಂದು ಶುರುವಾಯಿತು. ನಾನು ಮಾಡಲೇಬೇಕು. ಏನು ಮಾಡಬೇಕು ಎಂಬ ಪದ ಅವನ ವಾಕ್ಯದ ತುದಿಗೆ ಬರಬೇಕಿತ್ತು. ನಡುವೆ ಕುಪ್ಪೇಲೂರಿನ ಹೊಲಗಳು ಬಂದವು, ಅವು ಇಷ್ಟು ವರ್ಷ ಕೊಟ್ಟ ಒಳ್ಳೆಯ ಬೀಜ ಬಂತು, ವಿಷಾದ ಬಂತು, ಮುಂದಿನ ವರ್ಷದ ಪಟ್ಟಿ ಬಂತು.

'ಯಾ, ಯಾ' ಎಂದ ವೀರೇಂದ್ರ, ಮುಗುಳ್ನಗುತ್ತ. ಆಮೇಲೆ ಸುರೇಖಾಳ ಕಡೆ ಬಾಗಿ, 'ಏನಂತಾನ? ಒಳ್ಳೇ ಬೀಜ ಅಂದಂಗಾತು' ಎಂದ.

'ಇನ್ನೂ ಮುಗಿಸಿಲ್ರಿ.'

'ಇಷ್ಟೊತ್ತು ಮಾತಾಡ್ಯಾನಲ್ಲ!'

'ಕ್ರಿಯಾಪದ ಬಂದಿಲ್ರಿ, ಸರ್.'

ಇಂಗ್ಲಿಷಿನಲ್ಲಿ ಬೆಳೆದವನಿಗೆ ಹೀಗೆ ಕ್ರಿಯಾಪದಕ್ಕೆ ಕಾಯುವುದು ಕಷ್ಟ. ಸುರೇಖಾಗೆ ಅದೇನೂ ಹೊಸದಲ್ಲ. ಅವಳ ಊರಿನಲ್ಲಿ ಮಾತಿನ ತುದಿ ಕೇಳದೆ ಯಾರೂ ಎದ್ದು ಹೋಗುವಂತಿರಲಿಲ್ಲ, ಆಸ್ತಿ ಕೊಟ್ಟನೋ ಕೊಡಲಿಲ್ಲವೋ, ಹುಡುಗಿ ಒಪ್ಪಿದಳೋ ಇಲ್ಲವೋ ಎಲ್ಲ ತುದಿಯಲ್ಲೇ ಇರುತ್ತಿತ್ತು. ತುದಿ ಬಂತು. 'ಶ್ಟ್ರೈಶನ್.' ಪಟ್ಟಿಯಿಂದ ಹೊಡೆದು ಹಾಕುವುದು. ಆ ಬಳಿಕ ಇನ್ನೊಂದು ತುಂಡು: ಇವನ್ನು ಬೇಕಂತಲೇ ಬಿಟ್ಟದ್ದಾಗಿದ್ದರೆ.

ಅವಳು ಅದನ್ನು ವೀರೇಂದ್ರನಿಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ ಹೇಳಿದಳು. ವೀರೇಂದ್ರ 'ಯಾ' ಎನ್ನುವುದನ್ನು ಬಿಟ್ಟು ಅವಳ ಪಕ್ಕಕ್ಕೆ ಸರಿದ.

'ಮರ್ತಾರಂತ ಹೇಳು' ಎಂದ ಅವನು, ತುಟಿ ಅಲುಗಿಸದೆ. 'ಮರ್ತಾರ, ನಾಳೆ ಕೀಳಸ್ತೀವಿ ಅನ್ನು. ಒಂದು ಎಚ್ಚರಿಕಿ ಕೊಟ್ಟು ಹೋಗ್ತಾನ. ದೇವಿಗೀವಿ ಅಂದೀ, ಊರಾಗಿನ ನಲವತ್ತು ಮನಿ ಕೆಲಸ ಹೋತಂತ ತಿಳ್ಕೊ. ನಿಮ್ಮವ್ವನ ಹೊಲಾನೂ ಅದರಾಗ ಐತಿ.'

ಸುರೇಖಾಗೆ ಅದು ಸರಿಯೆನಿಸಿತು. ಬರುವ ದಾರಿಯಲ್ಲಿ ಅವಳೂ ಅದನ್ನೇ ಯೋಚಿಸಿದ್ದಳು. ಒಂದು ಸಣ್ಣ ಸುಳ್ಳು, ನಲವತ್ತು ಮನೆ. ಆದರೆ 'ಹೆಂಗಸರು ಮರೆತಿದ್ದಾರೆ' ಎಂದು ನೇರವಾಗಿ ಮುಖ್ಯ ವಾಕ್ಯದಲ್ಲಿ ಹೇಳಿದರೆ ಎರಡನೆಯ ಕುರ್ಚಿಯ ಗೊಡವೆ. ತಪ್ಪಬಾರದೆಂದು ಅವಳು ತನಗೆ ಕೈಹಿಡಿದ ದಾರಿಯನ್ನೇ ಆರಿಸಿದಳು. ಚಿಕ್ಕದೊಂದು ಮುಖ್ಯ ವಾಕ್ಯ, ಆಮೇಲೆ ಬಾಗಿಲಿಗೆ 'ದಸ್', ಆಮೇಲೆ ಉದ್ದದ ಉಪವಾಕ್ಯ.

'ಇಶ್ ಮುಸ್ ಸಾಗನ್' ಎಂದಳು. ನಾನು ಹೇಳಲೇಬೇಕು. 'ದಸ್ ದೀ ಫ್ರೌಎನ್...'

ಹೆಂಗಸರು, ಪ್ರತಿ ಸಾಲಿನಲ್ಲಿ, ಮೊದಲ ಗಿಡದಲ್ಲಿ, ಈ ಕಾಯಿಗಳನ್ನು. ಒಂದೊಂದೇ ಪದ ಇಡುತ್ತ ಹೋದಳು. ಇನ್ನು ಉಳಿದದ್ದು ತುದಿ: ಫೆರ್ಗೆಸನ್ ಹಾಬನ್, ಮರೆತಿದ್ದಾರೆ.

'ಏನ ಹೇಳಾಕತ್ತೀಯೆ?' ಎಂದಳು ಚೌಡವ್ವ ಬದುವಿನ ಮೇಲಿಂದ. 'ಯಾವುದೋ ಸಣ್ಣ ದನಿ ಮಾಡೀದಿ. ನಾ ಏನರ ಕಳವು ಮಾಡೇನೇನು?'

ಸುರೇಖಾ ತಿರುಗಿ ನೋಡಿದಳು. ತಾಯಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಚಿಮಟ ಹಿಡಿದು ಹಿಡಿದು ಮುಂದಕ್ಕೆ ಬಾಗಿ ಗಟ್ಟಿಯಾಗಿದ್ದವು. ಅನ್ನ ಕಲಸುವಾಗಲೂ ಅವು ಬಿಚ್ಚುತ್ತಿರಲಿಲ್ಲ. ಹನ್ನೊಂದು ವರ್ಷದ ಕ್ರಾಸಿಂಗ್. ಆ ಕೈ ಮರೆಯಿತು ಎಂದು ಇಷ್ಟು ಜನರ ಮುಂದೆ ಹೇಳಬೇಕು. ಅವಳಿಗೆ ತಿಳಿಯದ ಭಾಷೆಯಲ್ಲಿ ಹೇಳಬೇಕು.

ಕ್ರೌಸೆ ಕಾಯುತ್ತಿದ್ದ. ಅವಸರಿಸಲಿಲ್ಲ. ಕ್ರಿಯಾಪದಕ್ಕಾಗಿ ಕಾಯುವುದು ಅವನಿಗೂ ಹುಟ್ಟಿನಿಂದ ಬಂದದ್ದು.

'...ನಿಶ್ಟ್ ಫೆರ್ಗೆಸನ್ ಹಾಬನ್' ಎಂದಳು ಸುರೇಖಾ. ಮರೆತಿಲ್ಲ.

ಇನ್ನು ಕಾರಣ ಹೇಳಬೇಕಿತ್ತು. ಮುಂದಿನದಕ್ಕೆ ಉಪವಾಕ್ಯದ ನೆರಳಿರಲಿಲ್ಲ. ಅವರು ದೇವಿಗಾಗಿ ಈ ಕಾಯಿ ಬಿಡುತ್ತಾರೆ ಎಂಬುದನ್ನು ಅವಳು ಕುಪ್ಪೇಲೂರಿನ ಧಾಟಿಯಲ್ಲಿ, ಕ್ರಿಯಾಪದವನ್ನು ಕೊನೆಗಿಟ್ಟು, ಅಪ್ಪಟ ತಪ್ಪಾಗಿ ಹೇಳಿದಳು. ಕಟ್ಟಿ ಮೇಡಂ ಇದ್ದಿದ್ದರೆ ಸುಣ್ಣದ ಕಡ್ಡಿ ಎಸೆಯುತ್ತಿದ್ದರು. ಕ್ರೌಸೆಗೆ ಪೂರ್ತಿ ಅರ್ಥವಾಯಿತು.

'ಪ್ರತಿ ಸಾಲಿನಲ್ಲೂ?' ಎಂದು ಕೇಳಿದ.

'ಪ್ರತಿ ಸಾಲಿನಲ್ಲೂ.'

'ಬೇರೆ ಎಲ್ಲಿಯೂ ಇಲ್ಲ?'

'ಇಲ್ಲ.'

'ಏನಾತು?' ಎಂದ ವೀರೇಂದ್ರ. 'ಮರ್ತಾರಂತ ಹೇಳಿದೆಲ್ಲ?'

'ಮರ್ತಿಲ್ಲಂತ ಹೇಳಿದೆ, ಸರ್.'

ವೀರೇಂದ್ರ ಬದುವಿನ ಮೇಲೆ, ಹೊಸ ಶರಟಿನ ಸಮೇತ ಕುಸಿದು ಕುಳಿತ.

ಕ್ರೌಸೆ ಚೀಟಿ ಪುಸ್ತಕ ತೆಗೆದು ಮತ್ತೆ ಸಾಲಿಗೆ ಇಳಿದ. ಸಾಲಿನಿಂದ ಸಾಲಿಗೆ, ಮೊದಲ ಗಿಡದಿಂದ ಕೊನೆಯ ಗಿಡದವರೆಗೆ, ಒಂದೊಂದು ಗೊಂಚಲನ್ನೂ ತಿರುಗಿಸುತ್ತ ನಡೆದ. ಬಿಸಿಲು ಏರಿತು. ಹೆಂಗಸರು ಬೇವಿನ ನೆರಳಿಗೆ ಸರಿದರು. 'ಬಿಳಿ ಅಜ್ಜ ನಮ್ಮಕಿಂತ ಚಲೋ ಬಗ್ಗತಾನ ನೋಡ್ರೇ' ಎಂದಳು ಒಬ್ಬಳು. 'ಕೂಲಿ ಕೊಟ್ಟು ಇಟ್ಕೊಳ್ರಿ ಅಕ್ಕಾ' ಎಂದಳು ಇನ್ನೊಬ್ಬಳು. ಹೊತ್ತು ಇಳಿಯುವ ವೇಳೆಗೆ ಅವನು ಬೆನ್ನು ಹಿಡಿದುಕೊಂಡು ಬಂದ. ಮುಖದಲ್ಲಿ ಗೊಂದಲ.

ಸಾಲುಗಳು ನಲವತ್ತೆಂಟು, ಗುರುತಿಲ್ಲದ ಕಾಯಿಗಳು ನಲವತ್ತೇಳು ಎಂದ. ಮೂವತ್ತೊಂದನೆಯ ಸಾಲಿನದು ಕಾಣುತ್ತಿಲ್ಲ. ಅದನ್ನು ಬೀಜದ ಬುಟ್ಟಿಗೆ ಹಾಕಿದ್ದರೆ ಮಾತು ಬೇರೆಯಾಗುತ್ತದೆ.

ಸುರೇಖಾ ಹೆಂಗಸರನ್ನು ಕೇಳಿದಳು. ಚೌಡವ್ವ ಸೆರಗು ಬಿಗಿ ಮಾಡಿದಳು. ಅಷ್ಟರಲ್ಲಿ ಜೀಪಿನ ಕಡೆಯಿಂದ ಕೆಮ್ಮು ಕೇಳಿತು.

'ನಾನ ತಿಂದೇನ್ರಿ' ಎಂದ ಮೌಲಾಸಾಬ. 'ನೀವು ಗಿಡದ ಮುಂದ ಮೊಣಕಾಲೂರಿ ಕುಂತಿದ್ರಿ, ನನಗ ಹಸಿವಾಗಿತ್ತು. ದೇವಿ ಹಣ್ಣು ಯಾರರ ತಿನ್ನಬಹುದು ಅಂತ ಚೌಡಕ್ಕನ ಹೇಳ್ಯಾಳ. ಉಪ್ಪು ಹಚ್ಕೊಂಡು ತಿಂದೆ.' ಸಾಕ್ಷಿಗೆಂದು ಅವನು ಜೇಬಿನಿಂದ ತೊಟ್ಟನ್ನು ತೆಗೆದು ತೋರಿಸಿದ. ಐದು ಎಸಳೂ ಇದ್ದವು.

'ದೇರ್ ಫಾರರ್' ಎಂದಳು ಸುರೇಖಾ. ಅಂದರೆ ಡ್ರೈವರ್. ಕನ್ನಡವಾದರೆ 'ಹಣ್ಣು ತಿಂದ ಡ್ರೈವರ್' ಎಂದು ತಿಂದದ್ದು ಮೊದಲು ಬರಬೇಕಿತ್ತು. ಅವಳು ಮೌಲಾಸಾಬನನ್ನು ಮುಂದೆ ನಿಲ್ಲಿಸಿ, ಅವನ ಅಪರಾಧವನ್ನು ಹಿಂದೆ ಕಟ್ಟಿ, ಕ್ರಿಯಾಪದವನ್ನು ತುದಿಗಿಟ್ಟು ಹೇಳಿದಳು. ಆ ದಿನ ಅವಳು ತಪ್ಪಿಲ್ಲದೆ ಆಡಿದ ಅತಿ ಉದ್ದದ ವಾಕ್ಯ ಅದೇ.

ಕ್ರೌಸೆ ತೊಟ್ಟನ್ನು ಭೂತಗನ್ನಡಿಯಲ್ಲಿ ನೋಡಿದ. ಪುಸ್ತಕದಲ್ಲಿ ನಲವತ್ತೇಳರ ಮುಂದೆ ಕೂಡಿಸುವ ಚಿಹ್ನೆ ಹಾಕಿ ಒಂದು ಎಂದು ಬರೆದ. ಆಮೇಲೆ ಟೊಪ್ಪಿಗೆ ತೆಗೆದು, ಚೌಡವ್ವನ ಕಡೆ ನೋಡುತ್ತ ಏನೋ ಹೇಳಿದ.

'ಏನಂತ?' ಎಂದಳು ಚೌಡವ್ವ.

'ಇಪ್ಪತ್ತು ದೇಶದಾಗ ಹೊಲ ನೋಡೇನಿ, ಇಷ್ಟು ಸರಿಯಾಗಿ ತಪ್ಪು ಮಾಡಿದವರನ್ನ ನೋಡಿಲ್ಲ ಅಂತಾನಬೇ.'

'ತಪ್ಪು ಅಂದನೇನು?' ಎಂದಳು ಚೌಡವ್ವ. ಆದರೂ ಅವಳ ಬಾಗಿದ ಬೆರಳುಗಳು ಸೆರಗನ್ನು ಬಿಟ್ಟವು.

ಫೆಬ್ರವರಿ ಕೊನೆಯಲ್ಲಿ ಪತ್ರ ಬಂತು. ಸುರೇಖಾ ಅದನ್ನು ಕಂಪನಿಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಒಬ್ಬಳೇ ಓದಿದಳು. ಕುಪ್ಪೇಲೂರು ಪಟ್ಟಿಯಲ್ಲಿ ಉಳಿದಿತ್ತು. ಬೇಕಂತಲೇ ಬಿಟ್ಟ ಹೂಗಳ ನಿಯಮಕ್ಕೆ ಕ್ರೌಸೆ ತಿದ್ದುಪಡಿ ಮಾಡಿದ್ದ. ಸಾಲಿಗೊಂದು ಹೂವನ್ನು ಪರಾಗ ಮುಟ್ಟಿಸದೆ ಬಿಡುವುದು ಬಹಳ ಉಪಯುಕ್ತ. ಆ ಕಾಯಿಯ ಬೀಜ ಬಿತ್ತಿ ನೋಡಿದರೆ ತಾಯಿ ಗಿಡ ಶುದ್ಧವಾಗಿತ್ತೋ ಇಲ್ಲವೋ ತಿಳಿಯುತ್ತದೆ. ಆದ್ದರಿಂದ ಇನ್ನು ಮುಂದೆ ಎಲ್ಲ ಊರುಗಳಲ್ಲೂ ಮೊದಲ ಹೂವನ್ನು ಹಾಗೆಯೇ ಬಿಟ್ಟು, ಚೀಟಿ ಕಟ್ಟಿ, ಸಂಖ್ಯೆ ಬರೆದು, ಹಣ್ಣನ್ನು ಎಣಿಸಿ, ಬೀಜವನ್ನು ಬೇರೆ ಪೊಟ್ಟಣದಲ್ಲಿ ಜರ್ಮನಿಗೆ ಕಳಿಸಬೇಕು. ಯಾರೂ ತಿನ್ನಕೂಡದು. ಡ್ರೈವರುಗಳೂ ಸೇರಿದಂತೆ ಎಂದು ಅವನು ಪ್ರತ್ಯೇಕವಾಗಿ ಬರೆದಿದ್ದ.

ವೀರೇಂದ್ರ ಅದನ್ನು ತನ್ನ ಹೆಸರಿನಲ್ಲಿ ಇಂಗ್ಲಿಷ್ ಸುತ್ತೋಲೆ ಮಾಡಿ ಹದಿನೆಂಟು ಊರಿಗೆ ಕಳಿಸಿದ. ಆ ವರ್ಷ ಅವನಿಗೆ ಬಡ್ತಿಯಾಯಿತು. ಸುರೇಖಾಗೆ ಜರ್ಮನ್ ಡಿಪ್ಲೊಮಾ ಸೆಕೆಂಡ್ ಕ್ಲಾಸಿನಲ್ಲಿ ಆಯಿತು. ಮುಖ್ಯ ವಾಕ್ಯಗಳಲ್ಲಿ ಅಂಕ ಹೋಗಿದ್ದವು.

ಚೀಟಿಗಳ ಕಟ್ಟು ಹಿಡಿದು ಊರಿಗೆ ಹೋದ ದಿನ ಚೌಡವ್ವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

'ನನ್ನ ದೇವಿ ಪಾಲಿಗೆ ಚೀಟಿ ಹಚ್ಚಿ, ಎಣಿಸಿ, ಇಮಾನದಾಗ ಕಳಸ್ತೀರೇನು?'

'ಊರು ಉಳೀತಲ್ಲಬೇ.'

'ಊರು ಉಳೀತು, ಖರೇ. ಆಕಿ ಉಪಾಸ ಬಿದ್ಲು.' ಚೌಡವ್ವ ಚೀಟಿಗಳ ಕಟ್ಟನ್ನು ಗೋಡೆಯ ಗೂಡಿನಲ್ಲಿಟ್ಟಳು. 'ಆತು. ಮೊದಲಿನದು ನಿಮ್ಮ ಬಿಳಿ ಅಜ್ಜಗ ಇರಲಿ. ಕೊನೀದು ಆಕಿಗೆ ಬಿಡ್ತೀನಿ. ಕೊನೀ ಗಿಡದ ಕೊನೀ ಹೂ. ಆಕಿ ಏನು ಅವಸರ ಮಾಡಾಕಿ ಅಲ್ಲ.'

ಸುರೇಖಾ ತಲೆಯ ಮೇಲೆ ಕೈ ಇಟ್ಟುಕೊಂಡು ಒಲೆಯ ಮುಂದೆ ಕುಳಿತಳು. ಮುಂದಿನ ಜನವರಿಯಲ್ಲಿ ಕ್ರೌಸೆ ಮತ್ತೆ ಬರುತ್ತಾನೆ. ಸಾಲಿನ ಕೊನೆಯವರೆಗೂ ನಡೆದೇ ನಡೆಯುತ್ತಾನೆ.

ಸೋಮವಾರ ಕಚೇರಿಯಲ್ಲಿ ಅವಳು ಹಾಳೆ ತೆಗೆದು ತಾನಾಗಿಯೇ ಪತ್ರಕ್ಕೆ ಕುಳಿತಳು. ಈ ಸಲ ಮೊದಲೇ ಹೇಳಿಬಿಡುವುದು ಒಳ್ಳೆಯದು. 'ವೈಲ್' ಎಂದು ಬರೆದಳು. ಕುಪ್ಪೇಲೂರಿನ ಹೆಂಗಸರು, ಮೊದಲ ಹೂವನ್ನು ನಿಮಗೆ ಕೊಟ್ಟದ್ದರಿಂದ, ಪ್ರತಿ ಸಾಲಿನ ಕೊನೆಯ ಹೂವನ್ನು ದೇವಿಗೆ, ಇಷ್ಟು ವರ್ಷದ ಪದ್ಧತಿಯಂತೆ, ಗುರುತಿಲ್ಲದೆ. ಬಾಲದಲ್ಲಿ 'ಬಿಡುತ್ತಾರೆ' ಎಂಬ ಕ್ರಿಯಾಪದ ತಾನಾಗಿ ಬಂದು ಕೂತಿತು. ಅಲ್ಪವಿರಾಮ ಹಾಕಿದಳು. ಇನ್ನು ಇದರ ಆಚೆ ತಡವಿಲ್ಲದೆ ಮುಖ್ಯ ಕ್ರಿಯಾಪದ ಬರಬೇಕು. 'ಕ್ಷಮೆ ಕೇಳುತ್ತೇವೆ' ಎಂದೋ, 'ಅನುಮತಿ ಕೇಳುತ್ತೇವೆ' ಎಂದೋ.

ವೀರೇಂದ್ರ ಬಾಗಿಲಲ್ಲಿ ಇಣುಕಿದ. 'ಯಾರಿಗೆ ಬರಿಯಾಕತ್ತೀದಿ? ಏನಂತ?'

'ಇನ್ನೂ ಮುಗಿದಿಲ್ರಿ, ಸರ್.'

ಅವನು 'ಯಾ, ಯಾ' ಎಂದು ಹೋದ. ಸುರೇಖಾ ಪೆನ್ನಿನ ತುದಿಯನ್ನು ಅಲ್ಪವಿರಾಮದ ಪಕ್ಕಕ್ಕೆ ತಂದು, 'ಟೈಲನ್ ವೀರ್ ಮಿಟ್' ಎಂದು ಬರೆದಳು. ತಿಳಿಸುತ್ತೇವೆ, ಅಷ್ಟೇ.